ನಿಷೇಧವುಂಟು, ದಂಡನೆಯಿಲ್ಲ

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯು ಲಿಂಗತ್ವದ ಕಾರಣಕ್ಕೆ ನೌಕರರನ್ನು ವಜಾಗೊಳಿಸುವುದನ್ನು ನಿಷೇಧಿಸಿತು. ಆದರೆ ಅದರ 18ನೆಯ ಕಲಮು ಶಿಕ್ಷಾರ್ಹವೆಂದು ಎಣಿಸಿದ ಅಪರಾಧಗಳಲ್ಲಿ ವಜಾ ಸೇರಲಿಲ್ಲ.

ಈ ಕೊರತೆಯ ಫಲ ಸ್ಪಷ್ಟ. ಒಬ್ಬಾಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರ ಪಡೆದು ಆಧಾರ್, ಪ್ಯಾನ್‌ಗಳಲ್ಲಿ ಹೆಸರು ತಿದ್ದಿಸಿಕೊಂಡಳೆನ್ನಿ. ಕಚೇರಿಯು ಭವಿಷ್ಯನಿಧಿಯ ದಾಖಲೆಯನ್ನು ತಿದ್ದಿಸುವುದಿಲ್ಲ. ಮಹಿಳೆಯರ ಶೌಚಾಲಯಕ್ಕೆ ಹೋದರೆ ದೂರು ಬರೆಸಿಕೊಳ್ಳುತ್ತದೆ. ಕಡೆಗೆ ವಜಾ ಆದೇಶದಲ್ಲಿ ‘ಕಾರ್ಯದಕ್ಷತೆ ಸಾಲದು’ ಎಂದಷ್ಟೇ ಬರೆಯುತ್ತದೆ. ಹೆಸರು ಹೊಂದದ ಕಾರಣ ಆಕೆಯ ಸ್ವಂತ ಉಳಿತಾಯವೂ ಕೈಸೇರದು.

2020ರ ನಿಯಮಗಳು ಶೌಚಾಲಯದ ಸೌಲಭ್ಯವನ್ನೂ ಒಳಗೊಂಡ ಸಮಾನಾವಕಾಶ ನೀತಿಯನ್ನು ಪ್ರತಿ ಸಂಸ್ಥೆಯೂ ಪ್ರಕಟಿಸಬೇಕೆನ್ನುತ್ತವೆ. ದೂರು ಅಧಿಕಾರಿ ಇರಲೇಬೇಕು. ಆದರೆ ಆ ಅಧಿಕಾರಿಯನ್ನು ನೇಮಿಸುವವನು ಮಾಲೀಕನೇ. ವಜಾದ ನಿಜವಾದ ಕಾರಣವನ್ನು ರುಜುವಾತುಪಡಿಸುವ ಹೊಣೆಯೂ, ತಪ್ಪಿದರೆ ಬಾಕಿ ವೇತನ ತೆರುವ ಹೊಣೆಯೂ ಮಾಲೀಕನ ಮೇಲೆ ಬೀಳಬೇಕು. ಅಲ್ಲಿಯವರೆಗೆ ಈ ನಿಷೇಧ ಬರಿಯ ಹಿತವಚನ.