ಐವತ್ತು–ಐವತ್ತು ಆಗದ ಲೆಕ್ಕ

ಹೊರನಾಡು ಕನ್ನಡಿಗರ ಮಕ್ಕಳು ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಗೆ ಸೇರಬಯಸಿದಾಗ ಕನ್ನಡ ಭಾಷಾ ಪರೀಕ್ಷೆಯನ್ನು ಬರೆದು ತಮ್ಮ ಭಾಷೆಯನ್ನು ರುಜುವಾತುಪಡಿಸುತ್ತಾರೆ. ಅದರ ಅನಂತರ ಅವರ ಭವಿಷ್ಯವನ್ನು ನಿರ್ಧರಿಸುವುದು ಒಂದು ಸರಳ ಸಂಕಲನ. ಹನ್ನೆರಡನೆಯ ತರಗತಿಯ ಭೌತ, ರಸಾಯನ, ಗಣಿತ ವಿಷಯಗಳ ಶೇಕಡಾ ಅಂಕದಲ್ಲಿ ಅರ್ಧ, ಸಿಇಟಿಯ ಶೇಕಡಾ ಅಂಕದಲ್ಲಿ ಅರ್ಧ; ಎರಡನ್ನೂ ಕೂಡಿದರೆ ರ‍್ಯಾಂಕ್. ಎರಡು ವರ್ಷಗಳ ಓದಿಗೂ ಬೆಲೆಯಿದೆ, ಏಕರೂಪದ ಪರೀಕ್ಷೆಗೂ ಬೆಲೆಯಿದೆ ಎಂಬ ಈ ತತ್ತ್ವ ನಮಗೆ ಒಪ್ಪಿಗೆಯೇ. ನಮ್ಮ ತಕರಾರು ಕೂಡುವ ಬಗೆಯನ್ನು ಕುರಿತದ್ದು. ಎರಡು ಬೇರೆ ಅಳತೆಗೋಲುಗಳನ್ನು ಸಮಗೊಳಿಸದೆ ಕೂಡಿದರೆ ಐವತ್ತು–ಐವತ್ತು ಎಂಬುದು ಕಾಗದದ ಮೇಲಿನ ಮಾತಾಗಿ ಉಳಿಯುತ್ತದೆ.

ಮೂವರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳೋಣ. ಮಂಡಳಿಯ ಪರೀಕ್ಷೆಯಲ್ಲಿ ಮೊದಲನೆಯವಳಿಗೆ ಶೇಕಡಾ 96, ಎರಡನೆಯವನಿಗೆ 93, ಮೂರನೆಯವಳಿಗೆ 90. ಸಿಇಟಿಯಲ್ಲಿ ಕ್ರಮ ತಲೆಕೆಳಗು: 40, 52, 64. ಅರ್ಧರ್ಧ ಕೂಡಿದಾಗ ಬರುವುದು 68, 72.5, 77. ಸಿಇಟಿಯ ಕ್ರಮವೇ ಅಂತಿಮ ಕ್ರಮವಾಯಿತು. ಮಂಡಳಿಯಲ್ಲಿ ಮೊದಲಿಗಳಾದವಳು ಕೊನೆಗೆ ಹೋದಳು. ಕಾರಣ ಸ್ಪಷ್ಟ. ಮಂಡಳಿಯ ಅಂಕಗಳು ಒತ್ತೊತ್ತಾಗಿ ನಿಂತಿವೆ, ಸಿಇಟಿಯ ಅಂಕಗಳು ದೂರದೂರ ಹರಡಿವೆ. ಕೂಡುವಾಗ ಯಾವುದರ ಹರವು ಹೆಚ್ಚೋ ಅದರ ಮಾತೇ ನಡೆಯುತ್ತದೆ. ಪ್ರತಿಯೊಬ್ಬರೂ ತಮ್ಮ ಗುಂಪಿನ ಸರಾಸರಿಯಿಂದ ಎಷ್ಟು ದೂರವಿದ್ದಾರೆಂದು ನೋಡಿ, ಆ ದೂರವನ್ನು ಆಯಾ ಪರೀಕ್ಷೆಯ ಹರವಿನಿಂದ ಭಾಗಿಸಿ ಕೂಡಿದರೆ, ಈ ಮೂವರೂ ಸಮವಾಗಿಯೇ ನಿಲ್ಲುತ್ತಾರೆ. ಒಬ್ಬಳು ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಕಳೆದುಕೊಂಡಿದ್ದಾಳೆ, ಅಷ್ಟೆ. ನಿಜವಾದ ಅರ್ಧ–ಅರ್ಧ ಎಂದರೆ ಅದು.

ಹಾಗಾದರೆ ಮಂಡಳಿಯ ಅಂಕಕ್ಕೆ ಬೆಲೆಯೇ ಇಲ್ಲವೇ ಎಂದರೆ, ಅದೂ ಅಲ್ಲ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಎಣಿಸುವುದು ಮೂರು ವಿಷಯಗಳ 180 ಪ್ರಶ್ನೆಗಳನ್ನು, ಪ್ರಶ್ನೆಗೊಂದು ಅಂಕ. ಮಂಡಳಿಯಲ್ಲಿ ಶೇಕಡಾ ಒಂದು ಹೆಚ್ಚಾದರೆ ಅದು ಸಿಇಟಿಯ 1.8 ಪ್ರಶ್ನೆಗೆ ಸಮ. ಒಂದು ಮಂಡಳಿ ಇನ್ನೊಂದಕ್ಕಿಂತ ಶೇಕಡಾ ಆರರಷ್ಟು ಉದಾರವಾಗಿ ಅಂಕ ಕೊಟ್ಟರೆ, ಆ ಮಂಡಳಿಯ ಎಲ್ಲ ಮಕ್ಕಳೂ ಸುಮಾರು ಹನ್ನೊಂದು ಪ್ರಶ್ನೆಗಳನ್ನು ಬಿಡಿಸಿಯೇ ಪರೀಕ್ಷಾ ಕೊಠಡಿಗೆ ಕಾಲಿಟ್ಟಂತೆ. ಪುಣೆಯಲ್ಲಿ ಮಹಾರಾಷ್ಟ್ರ ಮಂಡಳಿಯಲ್ಲಿ ಓದಿದವಳು, ದೆಹಲಿಯಲ್ಲಿ ಸಿಬಿಎಸ್‌ಇಯಲ್ಲಿ ಓದಿದವನು, ಧಾರವಾಡದಲ್ಲಿ ಪಿಯುಸಿ ಮುಗಿಸಿದವಳು ಒಂದೇ ಪಟ್ಟಿಯಲ್ಲಿ ನಿಲ್ಲುವಾಗ, ಮೂರು ಮಂಡಳಿಗಳ ಶೇಕಡಾ 94 ಒಂದೇ ತೂಕದ್ದೆಂದು ನಂಬುವುದಕ್ಕೆ ಆಧಾರವಿಲ್ಲ.

ಮಂಡಳಿ ಬದಲಾಗಬೇಕೆಂದೂ ಇಲ್ಲ. ವರ್ಷ ಬದಲಾದರೂ ಸಾಕು. 2021ರಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯ ಅಂಕದಿಂದ ಶೇಕಡಾ 45, ಪ್ರಥಮ ಪಿಯುಸಿಯಿಂದ 45, ದ್ವಿತೀಯ ಪಿಯುಸಿಯ ಆಂತರಿಕ ಮೌಲ್ಯಮಾಪನದಿಂದ 10 ಎಂದು ಸೇರಿಸಿ ಫಲಿತಾಂಶ ಪ್ರಕಟಿಸಲಾಯಿತು. ಆ ವರ್ಷ ಸಿಇಟಿಯ ಅಂಕವೊಂದರಿಂದಲೇ ರ‍್ಯಾಂಕ್ ಕೊಟ್ಟರು. ಮರುವರ್ಷ ಅದೇ ತಂಡದ ಸುಮಾರು 24 ಸಾವಿರ ವಿದ್ಯಾರ್ಥಿಗಳು ಮತ್ತೆ ಸಿಇಟಿ ಬರೆದಾಗ, ಅವರ ಪಿಯುಸಿ ಅಂಕವನ್ನು ಕೈಬಿಟ್ಟು ಸಿಇಟಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಯಿತು. ಹೊಸಬರಿಗೆ ಮಾತ್ರ ಎರಡನ್ನೂ ಕೂಡಿದರು. ಫಲವೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಬ್ಬರಿಗೂ ಸಿಇಟಿಯಲ್ಲಿ ಶೇಕಡಾ 60 ಬಂದಿದೆ ಎನ್ನಿ. ಹೊಸಬನಿಗೆ ಪಿಯುಸಿಯಲ್ಲಿ 90 ಇದ್ದರೆ ಅವನ ಒಟ್ಟು 75. ಹಳಬನ ಒಟ್ಟು 60. ಹಳಬನಿಗೂ ಪಿಯುಸಿಯಲ್ಲಿ 90 ಇದ್ದಿರಬಹುದು, ಆದರೆ ಅದನ್ನು ಕೇಳುವವರಿಲ್ಲ. ಹದಿನೈದರ ಈ ಕಂದಕ ಪ್ರತಿಭೆಯದಲ್ಲ, ಎರಡು ಅಳತೆಗೋಲುಗಳ ಎತ್ತರದ ವ್ಯತ್ಯಾಸದ್ದು.

ಪ್ರಕರಣ ಹೈಕೋರ್ಟಿಗೆ ಹೋಯಿತು. 2022ರ ಸೆಪ್ಟೆಂಬರ್ ಆರಂಭದಲ್ಲಿ ಏಕಸದಸ್ಯ ಪೀಠವು ಹಳಬರಿಗೂ ಪಿಯುಸಿಯ ಅರ್ಧವನ್ನು ಸೇರಿಸಬೇಕೆಂದಿತು. ಆಗ ಹೊಸಬರ ಆತಂಕ: ಪರೀಕ್ಷೆಯನ್ನೇ ಬರೆಯದೆ ಬಂದ ಅಂಕ, ಬರೆದು ಬಂದ ಅಂಕಕ್ಕೆ ಸಮವಾದೀತೇ? ಆ ಆತಂಕವೂ ಸುಳ್ಳಾಗಿರಲಿಲ್ಲ. ಕೊನೆಗೆ ಹಳಬರ ಪಿಯುಸಿ ಅಂಕಗಳಿಂದ ಸರಾಸರಿ ಆರರಷ್ಟನ್ನು ಕಳೆದು ಕೂಡುವ ಸೂತ್ರವನ್ನು ವಿಭಾಗೀಯ ಪೀಠ ಒಪ್ಪಿತು. ಎರಡು ವರ್ಷಗಳ ಅಂಕಗಳು ಒಂದೇ ತೂಕದ್ದಲ್ಲ, ಕೂಡುವ ಮೊದಲು ತಿದ್ದಬೇಕು ಎಂಬ ಮಾತು ಅಲ್ಲಿಗೆ ಅಧಿಕೃತವಾಯಿತು. ಆದರೆ ಎರಡು ವರ್ಷಗಳ ನಡುವೆ ಒಪ್ಪಿದ್ದನ್ನು ಎರಡು ಮಂಡಳಿಗಳ ನಡುವೆ ಒಪ್ಪಲು ಏನು ಅಡ್ಡಿ ಎಂಬ ಪ್ರಶ್ನೆ ಅಲ್ಲಿಯೇ ಉಳಿಯಿತು.

ನೆರೆಯ ಕೇರಳ ಈ ದಾರಿಯಲ್ಲಿ ಮೊದಲೇ ನಡೆದಿದೆ. ಅಲ್ಲಿಯೂ ಅರ್ಧ–ಅರ್ಧವೇ, ಆದರೆ 2025ರವರೆಗೆ ಮಂಡಳಿಯ ಅಂಕವನ್ನು ಆ ಮಂಡಳಿಯ ಸರಾಸರಿ ಮತ್ತು ಹರವಿನ ಆಧಾರದಿಂದ ಮಾನಕಗೊಳಿಸಿ ಕೂಡುವ ಕ್ರಮ ಅವರದಾಗಿತ್ತು. ಅದರ ತಿರುಳು ಇಷ್ಟೆ. ಒಂದು ಮಂಡಳಿಯ ಸರಾಸರಿ 70, ಹರವು 12 ಎನ್ನಿ. ಅಲ್ಲಿ 88 ಪಡೆದವನು ಸರಾಸರಿಗಿಂತ ಒಂದೂವರೆ ಹರವು ಮೇಲಿದ್ದಾನೆ. ಇನ್ನೊಂದರ ಸರಾಸರಿ 62, ಹರವು 15; ಅಲ್ಲಿ 86 ಪಡೆದವಳು 1.6 ಹರವು ಮೇಲಿದ್ದಾಳೆ. ಬರಿಯ ಅಂಕದಲ್ಲಿ ಅವನು ಮುಂದು, ತನ್ನವರ ನಡುವಿನ ಸ್ಥಾನದಲ್ಲಿ ಅವಳು ಮುಂದು.

ಈ ಕ್ರಮಕ್ಕೂ ಮಿತಿಗಳಿವೆ, ಅವನ್ನು ಮುಚ್ಚಿಡಬಾರದು. ಎಲ್ಲ ಮಂಡಳಿಗಳ ವಿದ್ಯಾರ್ಥಿವೃಂದ ಒಟ್ಟಿನಲ್ಲಿ ಸಮಾನ ಸಾಮರ್ಥ್ಯದ್ದೆಂದು ಅದು ಊಹಿಸುತ್ತದೆ. ಯಾವುದಾದರೂ ಮಂಡಳಿಯ ಸರಾಸರಿ ಹೆಚ್ಚಿರುವುದು ಉದಾರತೆಯಿಂದಲ್ಲ, ಮಕ್ಕಳ ಗಟ್ಟಿತನದಿಂದ ಎಂದಾದರೆ ಅವರಿಗೆ ಅನ್ಯಾಯವಾಗುತ್ತದೆ. ಇದನ್ನು ಪತ್ತೆಹಚ್ಚಲು ಪ್ರವೇಶ ಪರೀಕ್ಷೆಯೇ ಸಾಕ್ಷಿ: ಆ ಮಂಡಳಿಯವರು ಎಲ್ಲರಿಗೂ ಒಂದೇ ಆದ ಪ್ರಶ್ನೆಪತ್ರಿಕೆಯಲ್ಲಿಯೂ ಮುಂದಿದ್ದರೆ ಅದು ಗಟ್ಟಿತನ, ಹಿಂದಿದ್ದರೆ ಉದಾರತೆ. ಇನ್ನೊಂದು ಮಿತಿಗೆ ಮದ್ದಿಲ್ಲ. 2021ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ 600ಕ್ಕೆ 600 ಪಡೆದರು. ತುದಿಯಲ್ಲಿ ಎಲ್ಲರೂ ಒಂದೇ ಅಂಕದಲ್ಲಿ ನಿಂತರೆ ಅವರನ್ನು ಯಾವ ಸೂತ್ರವೂ ಬೇರ್ಪಡಿಸಲಾರದು.

ಸೂತ್ರ ಯಾವುದೆಂಬುದರಷ್ಟೇ ಅದನ್ನು ಯಾವಾಗ ಹೇಳಿದರೆಂಬುದೂ ಮುಖ್ಯ. 2025ರಲ್ಲಿ ಕೇರಳ ಸರ್ಕಾರ ಪರೀಕ್ಷೆ ಮುಗಿದ ಮೇಲೆ ಸೂತ್ರವನ್ನು ಬದಲಿಸಿತು. ಜುಲೈನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ತಳ್ಳಿಹಾಕಿತು. ಹಳೆಯ ಸೂತ್ರದಂತೆ ಮತ್ತೊಂದು ಪಟ್ಟಿ ಹೊರಟು, ಮೊದಲ ಪಟ್ಟಿ ನೋಡಿ ಹರ್ಷಿಸಿದ್ದ ಮಕ್ಕಳು ಹತ್ತೇ ದಿನಗಳಲ್ಲಿ ಬೇರೆ ರ‍್ಯಾಂಕ್ ಕಂಡರು.

ಇಷ್ಟೆಲ್ಲ ತೊಡಕಾದರೆ ಮಂಡಳಿಯ ಅಂಕವನ್ನೇ ಬಿಟ್ಟುಬಿಡೋಣ ಎನ್ನುವವರಿದ್ದಾರೆ. ಜೆಇಇ ಮೇನ್‌ನಲ್ಲಿ 2013ರಿಂದ ಶೇಕಡಾ 40ರ ಪಾಲು ಪಡೆದಿದ್ದ ಮಂಡಳಿ ಅಂಕವನ್ನು 2017ರಿಂದ ಕೈಬಿಡಲಾಯಿತು. ಅದನ್ನು ನಾವು ಮಾದರಿಯೆಂದು ಭಾವಿಸುವುದಿಲ್ಲ. ಅಂಕ ಎಣಿಕೆಗೆ ಬಾರದ ತರಗತಿ ಹೆಸರಿಗಷ್ಟೇ ಉಳಿಯುತ್ತದೆ, ತರಬೇತಿ ಕೇಂದ್ರಗಳೇ ನಿಜವಾದ ಶಾಲೆಗಳಾಗುತ್ತವೆ; ಅದರ ಹಣ ತೆರಲಾರದ ಮನೆಯ ಮಗುವಿಗೆ ಉಳಿದಿದ್ದ ಒಂದು ಆಸರೆಯೂ ತಪ್ಪುತ್ತದೆ.

ಆದ್ದರಿಂದ ಅರ್ಧ–ಅರ್ಧ ಉಳಿಯಲಿ. ಆದರೆ ಪ್ರತಿಯೊಂದು ಮಂಡಳಿಯ ಪ್ರತಿಯೊಂದು ವರ್ಷವನ್ನೂ ಒಂದು ಪ್ರತ್ಯೇಕ ಗುಂಪೆಂದು ಪರಿಗಣಿಸಿ, ಅದರ ಅಂಕಗಳನ್ನು ಮಾನಕಗೊಳಿಸಿ, ಸಿಇಟಿಯ ಅಂಕವನ್ನೂ ಅದೇ ಅಳತೆಗೆ ತಂದು, ಆಮೇಲೆ ಕೂಡಲಿ. ಸೂತ್ರ ಅರ್ಜಿ ಕರೆಯುವ ಮೊದಲೇ ಮಾಹಿತಿ ಪುಸ್ತಿಕೆಯಲ್ಲಿರಲಿ. ಬಳಸಿದ ಸರಾಸರಿ, ಹರವುಗಳು ರ‍್ಯಾಂಕ್ ಪಟ್ಟಿಯ ಜೊತೆಗೇ ಪ್ರಕಟವಾಗಲಿ. ಯಾವ ಊರಿನ ಯಾವ ಮಂಡಳಿಯಲ್ಲಿ ಓದಿದರೂ, ತನ್ನ ರ‍್ಯಾಂಕ್ ಹೇಗೆ ಬಂತೆಂಬುದನ್ನು ವಿದ್ಯಾರ್ಥಿಯೇ ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಿ ನೋಡುವಂತಿರಬೇಕು.