64 ಕೆಂಪು ಗೀಟು

ಕರಡಿನ ತುಂಬ ಕೆಂಪು ಗೀಟು ಎಳೆದು ಲೇಖಕರಿಗೆ ವಾಪಸ್ ಕಳಿಸುವ ಎಡಿಟರನ್ನು ಎಲ್ಲರೂ ಶ್ರದ್ಧಾವಂತ ಅಂತಾರೆ. ನಾನು ಸೋಮಾರಿ ಅಂತೀನಿ. ತಪ್ಪು ಹುಡುಕೋದು ಅರ್ಧ ಕೆಲಸ. ಯಾವ ತಪ್ಪು ಎಷ್ಟು ದೊಡ್ಡದು ಅಂತ ತೂಗೋದು ಇನ್ನರ್ಧ. ಆ ಅರ್ಧವನ್ನು ಅವನು ಲೇಖಕರ ತಲೆಗೆ ಕಟ್ಟಿರುತ್ತಾನೆ.

ಆ ಸೋಮಾರಿ ನಾನೂ ಆಗಿದ್ದೆ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆ ತಯಾರಾಗುತ್ತಿತ್ತು. ಅದರ ಬಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಬರೆದ ಲೇಖನಕ್ಕೆ 64 ತಿದ್ದುಪಡಿ ಸೂಚಿಸಿ, ಪುಟದ ಕ್ರಮದಲ್ಲೇ ಪಟ್ಟಿ ಮಾಡಿ ಕಳಿಸಿದೆ. ವಾರದಲ್ಲಿ ವಾಪಸ್ ಬಂತು. ಕಾಮಾ, ಒತ್ತಕ್ಷರ ಎಲ್ಲ ಸರಿಯಾಗಿತ್ತು. ಬುಕಾನನ್ 1807ರಲ್ಲಿ ಮತ್ತೋಡಿಗೆ ಬಂದ ಅನ್ನೋ ಸಾಲು ಮಾತ್ರ ಹಾಗೇ ಇತ್ತು! ಫ್ರಾನ್ಸಿಸ್ ಬುಕಾನನ್ ಈ ಸೀಮೆ ಸುತ್ತಿದ್ದು 1800–01ರಲ್ಲಿ. 1807 ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದ ವರ್ಷ. ನನ್ನ ಪಟ್ಟಿಯಲ್ಲಿ ಅದು 41ನೆಯದು, ಎರಡು ಕಾಮಾಗಳ ಮಧ್ಯೆ. ಈಗ ಹೇಳಿ, ತಪ್ಪು ಮೇಷ್ಟ್ರದ್ದಾ?

ಆಫೀಸಿನಲ್ಲಿ ಪ್ರತಿ ಟಿಕೆಟ್ಟಿಗೂ ‘ಅರ್ಜೆಂಟ್’ ಅಂತ ಹಾಕುವ ಮ್ಯಾನೇಜರನ್ನು ಬೈಯ್ಯೋ ನಾನು ಅದನ್ನೇ ಮಾಡಿದ್ದೆ.

ಮತ್ತೆ ಕೂತು ಪ್ರತಿ ಗೀಟಿಗೂ ಒಂದೇ ಪ್ರಶ್ನೆ ಕೇಳಿದೆ: ಇದು ಹೀಗೇ ಅಚ್ಚಾದರೆ ಏನಾಗುತ್ತೆ? ಓದುಗ ಸುಳ್ಳನ್ನು ನಂಬುತ್ತಾನೆ ಅಂದರೆ ತಿದ್ದಲೇಬೇಕು. ಬುಕಾನನ್ ಇಸವಿ ಅಂಥದ್ದು. ಓದುಗ ಎಡವುತ್ತಾನೆ ಅಂದರೆ ತಿದ್ದಿದರೆ ಒಳ್ಳೇದು; ಬಳೆ ಮಾಡುವ ಬಗೆ ಗೊತ್ತಾಗೋ ಮೊದಲೇ ಆ ಕಸುಬು ನಿಂತುಹೋದ ಕಥೆ ಬರುತ್ತಿತ್ತು, ಪ್ಯಾರಾ ಜಾಗ ಬದಲಾಗಬೇಕಿತ್ತು. ಏನೂ ಆಗಲ್ಲ, ನನಗೆ ಹಿಡಿಸಲ್ಲ ಅಷ್ಟೇ ಅಂದರೆ ಅದು ಲೇಖಕರ ಇಷ್ಟ. ಅವರ ‘ಅವಾಗ’ವನ್ನು ನಾನು ‘ಆಗ’ ಮಾಡಿದ್ದು ಈ ಜಾತಿ.

‘ತಾಲೂಕು’, ‘ತಾಲ್ಲೂಕು’ ಬೆರೆತಿದ್ದಕ್ಕೆ ಹಾಕಿದ್ದ 17 ಗೀಟು ಒಂದೇ ಸೂಚನೆಯಾಯಿತು. ಉಳಿದ 48ರಲ್ಲಿ ಕಡ್ಡಾಯ 5, ಒಳ್ಳೇದು 12, ಇಷ್ಟ 31. ಆ 31ರಲ್ಲಿ 23ನ್ನು ನಾನೇ ಅಳಿಸಿದೆ. ಪ್ಯಾರಾ ಜಾಗ ಬದಲಿಸುವುದನ್ನು ಕಾಮಾಗಿಂತ ಮೊದಲು ಹಾಕಿದೆ. ಪ್ಯಾರಾ ಹೊಸದಾಗಿ ಬರೆದರೆ ಅದರೊಳಗಿನ ಕಾಮಾ ಉಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲವಲ್ಲ.

‘ಕಡ್ಡಾಯ ಅನ್ನೋಕೆ ನೀನ್ಯಾರು?’ ಅಂತ ಕೇಳೋರಿದ್ದಾರೆ. ಸರಿಯಾದ ಪ್ರಶ್ನೆ. ಅದಕ್ಕೇ ಪ್ರತಿ ಕಡ್ಡಾಯದ ಪಕ್ಕ ಒಂದು ಸಾಲಿನ ಕಾರಣ ಇರಬೇಕು. ಆ ಸಾಲು ‘ನನಗೆ’ ಅಂತ ಶುರುವಾದರೆ ಅದು ಕಡ್ಡಾಯವಲ್ಲ. ಪಟ್ಟಿಯ ಅರ್ಧಕ್ಕರ್ಧ ಕಡ್ಡಾಯವೇ ಆದರೆ ಪಟ್ಟಿ ಬಿಟ್ಟು ಲೇಖಕರ ಜೊತೆ ಕೂತು ಮಾತಾಡಬೇಕು.

ಮೇಷ್ಟ್ರು ಐದರಲ್ಲಿ ನಾಲ್ಕು ಒಪ್ಪಿ, ಐದನೆಯದಕ್ಕೆ ಫೋನ್ ಮಾಡಿದರು. ಅಜ್ಜಿ ಕೈಯಲ್ಲಿ ಒಂದು ಕಡೆ ಕಪ್ಪು ಬಳೆ, ಇನ್ನೊಂದು ಕಡೆ ಹಸಿರು ಅಂತ ನಾನು ಗುರುತು ಹಾಕಿದ್ದೆ. ‘ಅವರು ಇಬ್ಬರು ಅಜ್ಜಿಯರು ಕಣಯ್ಯಾ, ಒಬ್ಬರು ತಾಯಿ ಕಡೆ, ಒಬ್ಬರು ತಂದೆ ಕಡೆ’ ಅಂದರು. ಒಂದು ಪದ ಸೇರಿಸಿದರು, ಮುಗೀತು. 64ರ ಗುಂಪಿನಲ್ಲಿದ್ದಿದ್ದರೆ ಸುಮ್ಮನೆ ಒಂದು ಬಳೆಯ ಬಣ್ಣ ಬದಲಿಸಿ ಕಳಿಸಿರೋರು. ಒಬ್ಬ ಅಜ್ಜಿ ಕಾಣೆಯಾಗಿರೋರು.