ಉಪನ್ಯಾಸವನ್ನು ಕೋಷ್ಟಕಕ್ಕೆ ಇಳಿಸುವಾಗ

ಮನಃಶಾಸ್ತ್ರದ ತರಗತಿಯಲ್ಲಿ ಹಳೆಯ ಪ್ರಸಿದ್ಧ ಪ್ರಯೋಗಗಳ ಮೇಲೆ ಉಪನ್ಯಾಸ ಕೇಳಿ, ಅದನ್ನು 'ವಿಧಾನ, ಫಲಿತಾಂಶ, ಟೀಕೆ' ಎಂಬ ಮೂರು ಕಲಮುಗಳ ಕೋಷ್ಟಕವಾಗಿ ಬರೆದಿಟ್ಟುಕೊಳ್ಳುವುದು ವಾಡಿಕೆ. ಶಿಕ್ಷಕ ತರಬೇತಿ ಪಡೆದ ನಾವೆಲ್ಲರೂ ಹಾಗೆ ಬರೆದವರೇ. ನಮ್ಮ ಶಾಲೆಯಿಂದ ಹೊರಟು ಈಗ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲಿ ಪಾಠ ಕೇಳಿ ಮನೆಯಲ್ಲಿ ಕನ್ನಡದಲ್ಲಿ ಯೋಚಿಸುವ ಹಳೆ ವಿದ್ಯಾರ್ಥಿಗಳೂ ಹಾಗೆಯೇ ಬರೆಯುತ್ತಿದ್ದಾರೆ. ಕೋಷ್ಟಕ ಒಳ್ಳೆಯ ಸಾಧನ. ಆದರೆ ಗೆರೆ ಎಳೆದ ಮಾತ್ರಕ್ಕೆ ವಿಷಯ ತಿಳಿಯಾಗುವುದಿಲ್ಲ. ಮೂರು ಕಲಮುಗಳಲ್ಲಿ ಯಾವುದಕ್ಕೆ ಏನು ಸೇರಬೇಕೆಂಬ ವಿವೇಚನೆ ಇಲ್ಲದಿದ್ದರೆ ಅದು ತಪ್ಪನ್ನು ಅಚ್ಚುಕಟ್ಟಾಗಿ ಜೋಡಿಸಿಡುತ್ತದೆ, ಅಷ್ಟೆ. ಒಂದೇ ಪ್ರಯೋಗವನ್ನು ಹಿಡಿದು ಈ ಮಾತನ್ನು ಪರಿಶೀಲಿಸೋಣ.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಆರಂಭಿಸಿ 1963ರಲ್ಲಿ ಪ್ರಕಟಿಸಿದ ವಿಧೇಯತೆಯ ಪ್ರಯೋಗವಿಲ್ಲದ ಉಪನ್ಯಾಸ ವಿರಳ. ಉಪನ್ಯಾಸಕರು ಅದನ್ನು ಕಥೆಯಂತೆ ಹೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಕಟ್ಟಿಹಾಕಿದ ಮನುಷ್ಯ 'ನನ್ನ ಹೃದಯ ಸರಿಯಿಲ್ಲ, ಬಿಟ್ಟುಬಿಡಿ' ಎಂದು ಕೂಗುತ್ತಾನೆ. ಈಚೆ ಕೋಣೆಯ ಸಾಮಾನ್ಯ ಮನುಷ್ಯ ಅಧಿಕಾರಿಯ ಮಾತಿಗೆ ಮಣಿದು ವಿದ್ಯುತ್ತಿನ ಗುಂಡಿ ಒತ್ತುತ್ತಲೇ ಹೋಗುತ್ತಾನೆ. ಕೊನೆಗೆ ನೂರಕ್ಕೆ 65 ಎಂಬ ಸಂಖ್ಯೆ ಬರುತ್ತದೆ. ಕೇಳುವವರ ಮೈ ನವಿರೇಳುತ್ತದೆ. ಅದೇ ಉತ್ಸಾಹದಲ್ಲಿ ವಿದ್ಯಾರ್ಥಿ ಫಲಿತಾಂಶದ ಕಲಮಿನಲ್ಲಿ ಹೀಗೆ ಬರೆಯುತ್ತಾನೆ: 'ಅಧಿಕಾರಿ ಹೇಳಿದರೆ ಜನರು ಕೊಲ್ಲಲೂ ಹೇಸುವುದಿಲ್ಲ.' ಇದು ಫಲಿತಾಂಶವಲ್ಲ.

ಹಾಗಾದರೆ ಫಲಿತಾಂಶ ಯಾವುದು? ಮೊದಲು ವಿಧಾನದ ಕಲಮನ್ನು ತುಂಬೋಣ. 1963ರ ಲೇಖನದ ಪ್ರಯೋಗದಲ್ಲಿ ಭಾಗವಹಿಸಿದವರು 20ರಿಂದ 50 ವರ್ಷದೊಳಗಿನ 40 ಮಂದಿ ಗಂಡಸರು. ನೆನಪಿನ ಶಕ್ತಿಯ ಅಧ್ಯಯನವೆಂದು ಹೇಳಿ ಜಾಹೀರಾತಿನ ಮೂಲಕ ಅವರನ್ನು ಕರೆಯಲಾಗಿತ್ತು. ಬಂದವರಿಗೆ ನಾಲ್ಕೂವರೆ ಡಾಲರು ಸಂಭಾವನೆ. ಎದುರಿಗೆ 15 ವೋಲ್ಟಿನಿಂದ 450 ವೋಲ್ಟಿನವರೆಗೆ 30 ಗುಂಡಿಗಳಿದ್ದ ಯಂತ್ರ. ಪಕ್ಕದ ಕೋಣೆಯ 'ಕಲಿಯುವವನು' ತಪ್ಪು ಉತ್ತರ ಕೊಟ್ಟಾಗಲೆಲ್ಲ ಮುಂದಿನ ಗುಂಡಿ ಒತ್ತಬೇಕು. ಅವನು ಪಾತ್ರಧಾರಿ; ಅವನಿಗೆ ಆಘಾತ ತಗಲುತ್ತಿರಲಿಲ್ಲ. ಒತ್ತಲು ಹಿಂಜರಿದವನಿಗೆ ಪ್ರಯೋಗಕರ್ತ ಮೊದಲೇ ಗೊತ್ತುಮಾಡಿದ ನಾಲ್ಕು ಮಾತುಗಳನ್ನು ಒಂದಾದ ಮೇಲೊಂದರಂತೆ ಹೇಳಬೇಕು. ನಾಲ್ಕಕ್ಕೂ ಬಗ್ಗದಿದ್ದರೆ ನಿಲ್ಲಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಈ ಪ್ರಯೋಗದಲ್ಲಿ ಕಲಿಯುವವನು ಕೂಗಲೇ ಇಲ್ಲ. 300 ವೋಲ್ಟಿನಲ್ಲಿ ಗೋಡೆ ಬಡಿದನು; ಅನಂತರ ಇನ್ನೊಮ್ಮೆ ಬಡಿದು ಮೌನವಾದನು. ಹೃದಯದ ದೂರು, ಬಿಡಿರೆಂಬ ಕೂಗು, ಇವು ಮಿಲ್‌ಗ್ರಾಮ್ ಆಮೇಲೆ ನಡೆಸಿದ ಬೇರೆ ಆವೃತ್ತಿಗೆ ಸೇರಿದವು. ಅದರಲ್ಲಿಯೂ 40ರಲ್ಲಿ 26 ಮಂದಿಯೇ ಕೊನೆಯವರೆಗೆ ಹೋದುದರಿಂದ ಎರಡನ್ನೂ ಬೆರೆಸಿಬಿಡುವುದು ಸುಲಭ. ನಿಮ್ಮ ಕೋಷ್ಟಕದಲ್ಲಿ '1963' ಎಂಬ ಇಸವಿಯೂ 'ಹೃದಯರೋಗದ ಕೂಗೂ' ಒಂದೇ ಸಾಲಿನಲ್ಲಿದ್ದರೆ ಎರಡು ಪ್ರಯೋಗಗಳು ಕಲೆತಿವೆ ಎಂದು ತಿಳಿಯಿರಿ. ಒಂದು ಆವೃತ್ತಿಗೆ ಒಂದು ಸಾಲು ಎಂಬುದು ನಮ್ಮ ಮೊದಲನೆಯ ಸೂತ್ರ. ಹಾಗೆ ಬಿಡಿಸಿ ಬರೆದಾಗಲೇ ಮುಖ್ಯ ಸಂಗತಿ ಕಣ್ಣಿಗೆ ಬೀಳುತ್ತದೆ: ಕಲಿಯುವವನನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ ಕೊನೆಯವರೆಗೆ ಹೋದವರು ನೂರಕ್ಕೆ 40, ಅವನ ಕೈಯನ್ನು ಹಿಡಿದು ಫಲಕದ ಮೇಲೆ ಒತ್ತಬೇಕಾಗಿ ಬಂದಾಗ 30. ಮನುಷ್ಯ ಅವನೇ, ದೂರ ಬದಲಾಯಿತು. '65' ಒಂದನ್ನೇ ಬರೆದುಕೊಂಡವನಿಗೆ ಇದು ಕಾಣುವುದಿಲ್ಲ.

ಎರಡನೆಯದು ಫಲಿತಾಂಶದ ಕಲಮು. ಕನ್ನಡ ಅಧ್ಯಾಪಕರಾದ ನಮಗೆ ಇಲ್ಲಿ ವ್ಯಾಕರಣವೇ ನೆರವಿಗೆ ಬರುತ್ತದೆ. '40 ಮಂದಿಯಲ್ಲಿ 26 ಮಂದಿ ಕೊನೆಯ ಗುಂಡಿ ಒತ್ತಿದರು. 14 ಮಂದಿ ನಿಲ್ಲಿಸಿದರು. 300 ವೋಲ್ಟಿಗಿಂತ ಮೊದಲು ನಿಲ್ಲಿಸಿದವರು ಯಾರೂ ಇಲ್ಲ.' ಇಲ್ಲಿ ಕರ್ತೃ ಎಣಿಕೆಗೆ ಸಿಗುತ್ತಾನೆ, ಕ್ರಿಯಾಪದ ಭೂತಕಾಲದ್ದು. 'ಜನರು ಅಧಿಕಾರಕ್ಕೆ ಮಣಿಯುತ್ತಾರೆ' ಎಂದೊಡನೆ ಕರ್ತೃ ಲೋಕದ ಜನರೆಲ್ಲರೂ ಆದರು, ಕಾಲ ಸದಾಕಾಲವಾಯಿತು. ಮೊದಲನೆಯದು ಕಂಡದ್ದು, ಎರಡನೆಯದು ಕಂಡದ್ದರಿಂದ ಊಹಿಸಿದ್ದು. ಊಹೆ ಬೇಡವೆಂದಲ್ಲ, ಅದನ್ನು ಕೆಳಗೆ ಬೇರೆಯಾಗಿ, 'ಮಿಲ್‌ಗ್ರಾಮರ ವ್ಯಾಖ್ಯಾನ' ಎಂದು ಬರೆಯಿರಿ. ಕಲಮಿನ ತಲೆಬರಹವನ್ನೇ 'ಕಂಡದ್ದು' ಎಂದಿಟ್ಟರೆ ಇನ್ನೂ ಒಳ್ಳೆಯದು.

ಮೂರನೆಯದು ಟೀಕೆ. ಎಲ್ಲಕ್ಕಿಂತ ಹೆಚ್ಚು ಗೊಂದಲ ಈ ಕಲಮಿನಲ್ಲಿ. 'ನೀತಿಬಾಹಿರ, ಕೃತಕ, ಗಂಡಸರು ಮಾತ್ರ' ಎಂದು ಮೂರು ಪದ ಗೀಚಿ ಮುಗಿಸುವುದೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಪ್ರತಿಯೊಂದು ಟೀಕೆಯೂ ಯಾವ ಕಲಮಿಗೆ ತಗಲುತ್ತದೆ ಎಂದು ಕೇಳಬೇಕು. 1964ರಲ್ಲಿ ಡಯಾನಾ ಬಾಮ್‌ರಿಂಡ್ ಆಕ್ಷೇಪಿಸಿದ್ದು, ಬಂದವರನ್ನು ನಂಬಿಸಿ ಮೋಸಗೊಳಿಸಿ ಮನಸ್ಸಿಗೆ ನೋವುಂಟುಮಾಡಿದ್ದನ್ನು. ಇದು ಬಲವಾದ ಟೀಕೆ. ಆದರೆ ಇದರಿಂದ 26 ಎಂಬ ಸಂಖ್ಯೆ 25 ಆಗುವುದಿಲ್ಲ. ಮಾಡಬಾರದ ಕೆಲಸವೆಂಬುದೂ ಸುಳ್ಳು ಫಲಿತಾಂಶವೆಂಬುದೂ ಒಂದೇ ಅಲ್ಲ.

1968ರಲ್ಲಿ ಆರ್ನ್ ಮತ್ತು ಹಾಲೆಂಡ್ ಎತ್ತಿದ ಪ್ರಶ್ನೆ ಬೇರೆ ಬಗೆಯದು: ಬಂದವರು ಆಘಾತ ನಿಜವೆಂದು ನಂಬಿದ್ದರೇ? ನಂಬದೆ ಒತ್ತಿದ್ದರೆ ಅಂಥವನನ್ನು ಕ್ರೂರನೆನ್ನಲಾಗದು. ಮಿಲ್‌ಗ್ರಾಮರೇ ಅನಂತರ ಪ್ರಶ್ನಾವಳಿ ಕಳುಹಿಸಿದಾಗ ಪೂರ್ಣವಾಗಿ ನಂಬಿದ್ದೆವೆಂದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ. ಈ ಟೀಕೆ ತಗಲುವುದು ವ್ಯಾಖ್ಯಾನಕ್ಕೆ. ಇನ್ನು ಜೀನಾ ಪೆರಿ ಹಳೆಯ ಧ್ವನಿಮುದ್ರಣಗಳನ್ನು ಕೇಳಿ 2012ರಲ್ಲಿ ಪುಸ್ತಕ ಬರೆದರು. ಪ್ರಯೋಗಕರ್ತ ಕೆಲವೆಡೆ ನಾಲ್ಕು ಮಾತಿಗೆ ನಿಲ್ಲದೆ ಇನ್ನೂ ಒತ್ತಾಯಿಸಿದ್ದನೆಂದು ಅವರು ತೋರಿಸಿದರು. ಇದು ನೇರವಾಗಿ ವಿಧಾನಕ್ಕೇ ತಗಲುವ ಟೀಕೆ. ಹೀಗೆ ಮೂರು ಟೀಕೆಗಳು ಮೂರು ದಾರಿ ಹಿಡಿಯುತ್ತವೆ. ಅವನ್ನು ಒಂದೇ ರಾಶಿಗೆ ಹಾಕಿದವನು 'ಆ ಪ್ರಯೋಗ ಬಿದ್ದುಹೋಯಿತು' ಎನ್ನುತ್ತಾನೆ, ಇಲ್ಲವೇ 'ಟೀಕೆ ಯಾವುದಕ್ಕಿಲ್ಲ' ಎಂದು ಕೈಕೊಡವುತ್ತಾನೆ. ಎರಡೂ ಯೋಚನೆಯಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. 2009ರಲ್ಲಿ ಜೆರ್ರಿ ಬರ್ಗರ್ ಪ್ರಕಟಿಸಿದ ಮರುಪ್ರಯೋಗದ ಸಂಖ್ಯೆ ನೂರಕ್ಕೆ 70. '65 ಇದ್ದದ್ದು 70ಕ್ಕೆ ಏರಿತು' ಎಂದು ಬರೆದರೆ ಅದು ತಪ್ಪು. ಬರ್ಗರ್ 150 ವೋಲ್ಟಿನಲ್ಲೇ ಪ್ರಯೋಗ ನಿಲ್ಲಿಸಿದರು. 70 ಎಂಬುದು ಅಲ್ಲಿಂದ ಮುಂದೆ ಹೋಗಲು ಸಿದ್ಧರಿದ್ದವರ ಲೆಕ್ಕ. ಹೋಲಿಸಬೇಕಾದ್ದು ಮಿಲ್‌ಗ್ರಾಮರ ಕೂಗಿನ ಆವೃತ್ತಿಯಲ್ಲಿ ಅದೇ ಹಂತ ದಾಟಿದ 82.5ಕ್ಕೆ. ಏರಿಕೆಯೆಂದು ಕಂಡದ್ದು ಇಳಿಕೆಯಾಯಿತು! ವಿಧಾನದ ಕಲಮನ್ನು ಓದದೆ ಫಲಿತಾಂಶದ ಕಲಮನ್ನು ಮೇಲಿಂದ ಕೆಳಕ್ಕೆ ಓದಿದರೆ ಆಗುವ ಅನರ್ಥ ಇದು.

ನಮ್ಮ ಸಾಲು ಹೀಗಿರಲಿ:

ವಿಧಾನ: 40 ಗಂಡಸರು, ಬೇರೆ ಕೋಣೆ, ಗೋಡೆ ಬಡಿತ ಮಾತ್ರ, 15ರಿಂದ 450 ವೋಲ್ಟ್, ನಾಲ್ಕು ಒತ್ತಾಯದ ಮಾತು.
ಕಂಡದ್ದು: 26 ಮಂದಿ ಕೊನೆಯವರೆಗೆ ಒತ್ತಿದರು, 14 ಮಂದಿ ನಿಲ್ಲಿಸಿದರು.
ಟೀಕೆ: ನೀತಿಗೆ – ಬಾಮ್‌ರಿಂಡ್, ವ್ಯಾಖ್ಯಾನಕ್ಕೆ – ಆರ್ನ್, ಹಾಲೆಂಡ್, ವಿಧಾನಕ್ಕೆ – ಪೆರಿ.

ಉಪನ್ಯಾಸಕರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಇಳಿಸಿಕೊಳ್ಳುವುದು ಸುಲಭ, ಪರೀಕ್ಷೆಗೂ ಸಾಕು. ಆದರೆ ವಿಧೇಯತೆಯ ಪ್ರಯೋಗವನ್ನೇ ಕೇವಲ ವಿಧೇಯರಾಗಿ ಬರೆದುಕೊಂಡರೆ ಅದರಿಂದ ಕಲಿತದ್ದಾದರೂ ಏನು? ಆ 14 ಮಂದಿ ಗುಂಡಿಯ ಮೇಲಿಂದ ಕೈ ತೆಗೆದರು. ಲೇಖನಿ ಹಿಡಿದ ನಮ್ಮ ವಿದ್ಯಾರ್ಥಿಗಳೂ ಒಂದು ಕ್ಷಣ ಕೈ ತಡೆದು, 'ಇದು ಯಾವ ಕಲಮಿಗೆ ಸೇರುತ್ತದೆ?' ಎಂದು ಕೇಳಿಕೊಳ್ಳಲಿ.